ಬಾಕಿ ಕೇಳುವ ಸಂದೇಶದಲ್ಲಿ ನಗೆ ಎಲ್ಲಿಡಬೇಕು: ನನ್ನ ಅನುಭವ

ಚಿಕ್ಕಮಗಳೂರು ಪೇಟೆಯಲ್ಲಿ ಸ್ಪ್ರೇಯರ್, ಕಳೆ ಕತ್ತರಿಸುವ ಯಂತ್ರ, ಪಂಪ್‌ಸೆಟ್ ಮಾರಿ ರಿಪೇರಿ ಮಾಡುವ ಅಂಗಡಿ ನನ್ನದು. ಗಿರಾಕಿಗಳೆಲ್ಲ ಕಾಫಿ ಬೆಳೆಗಾರರು. ಮಳೆಗಾಲಕ್ಕೆ ಮುಂಚೆ ಬೋರ್ಡೋ ಹೊಡೆಯಲು ಯಂತ್ರ ಒಯ್ಯುತ್ತಾರೆ, ಹಣ ಬರುವುದು ಕೊಯ್ಲು ಮುಗಿದು ಕಾಫಿ ಕಣದಿಂದ ಎದ್ದ ಮೇಲೆ. ಉದ್ರಿ ಕೊಡದೆ ಇಲ್ಲಿ ಅಂಗಡಿ ನಡೆಯುವುದಿಲ್ಲ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಬಾಕಿ ಕೇಳುವ ಸಂದೇಶಕ್ಕೆ ಸ್ವಲ್ಪ ನಗೆ ಸೇರಿಸುತ್ತೇನೆ ಎಂದಾಗ ಪಕ್ಕದ ಪೈಪ್ ಅಂಗಡಿಯವರು, "ಹಣ ಕೇಳುವಾಗ ಹಲ್ಲು ಬಿಟ್ಟರೆ ಹಲ್ಲೇ ಉಳಿಯುತ್ತದೆ" ಎಂದಿದ್ದರು. ಮೊದಲ ವರ್ಷ ಅವರ ಮಾತೇ ನಿಜವಾಯಿತು.

ಆ ವರ್ಷ ಫೆಬ್ರವರಿಯಲ್ಲಿ ನಾನು ಕಳಿಸಿದ ಸಂದೇಶ ಹೀಗಿತ್ತು: "ದೊರೆಗಳೇ, ತಮ್ಮ 18,400 ರೂಪಾಯಿ ನಮ್ಮ ಪುಸ್ತಕದಲ್ಲಿ ಬ್ಯಾಂಕಿಗಿಂತ ಭದ್ರವಾಗಿದೆ. ಅವಸರವೇನಿಲ್ಲ, ಮೊಮ್ಮಕ್ಕಳ ಕಾಲಕ್ಕೆ ಕೊಟ್ಟರೂ ಸಾಕು." ಮೊತ್ತ ಬದಲಿಸಿ ಏಳೆಂಟು ಜನರಿಗೆ ಕಳಿಸಿದೆ. ಬರೆಯುವಾಗ ನನಗೇ ನಗು ತಡೆಯಲಾಗಲಿಲ್ಲ.

ಒಬ್ಬರು ಅದನ್ನು ಅಕ್ಷರಶಃ ತೆಗೆದುಕೊಂಡರು. "ನಿಮ್ಮ ಉಪಕಾರ ಮರೆಯುವುದಿಲ್ಲ" ಎಂದು ಉತ್ತರ ಬರೆದು ಮುಂದಿನ ಕೊಯ್ಲಿನವರೆಗೂ ಒಂದು ಕಾಸು ಕೊಡಲಿಲ್ಲ. ಇನ್ನೊಬ್ಬರಿಗೆ ಕಣ್ಣಿನ ತೊಂದರೆ. ಅವರ ತೋಟದ ರೈಟರು ಆ ಸಂದೇಶವನ್ನು ಕಣದಲ್ಲಿ ಆಳುಗಳ ಎದುರಿಗೇ ಗಟ್ಟಿಯಾಗಿ ಓದಿದರಂತೆ. ಅದೇ ಸಂಜೆ ಪೂರ್ತಿ ಹಣ ಬಂತು, ಆಮೇಲೆ ಅವರು ಬರಲಿಲ್ಲ. ವರ್ಷಕ್ಕೆ ಹೆಚ್ಚುಕಡಿಮೆ ಒಂದು ಲಕ್ಷದ ವ್ಯಾಪಾರ ಕೈಬಿಟ್ಟಿತು.

ಒಂದೇ ಸಂದೇಶ, ಒಬ್ಬರಿಗೆ ಉಪಕಾರ, ಇನ್ನೊಬ್ಬರಿಗೆ ಅವಮಾನ. ಇದನ್ನು ಬಹಳ ದಿನ ಯೋಚಿಸಿದೆ. ನಮ್ಮ ಹಳೆಯ ಕಾವ್ಯಶಾಸ್ತ್ರದಲ್ಲಿ ಕಾಕು ಎಂಬ ಮಾತಿದೆ. ದನಿ ಬದಲಿಸಿದರೆ ಅದೇ ವಾಕ್ಯ ತಿರುಗುಮುರುಗಾಗುತ್ತದೆ. ಗಲ್ಲಾಪೆಟ್ಟಿಗೆಯ ಮುಂದೆ "ಅವಸರವೇನಿಲ್ಲ" ಎಂದು ನಾನು ಎಳೆದು ಹೇಳಿದರೆ ಗಿರಾಕಿ ನಕ್ಕು ಜೇಬಿಗೆ ಕೈ ಹಾಕುತ್ತಾನೆ. ಮೊಬೈಲಿನಲ್ಲಿ ಆ ಎಳೆತ ಇಲ್ಲ, ಓದುವವನ ದನಿಯೇ ನನ್ನ ದನಿ. ಬರೆದವನಿಗೆ ಮಾತ್ರ ತನ್ನ ದನಿ ಕಿವಿಯಲ್ಲಿ ಕೇಳುತ್ತಲೇ ಇರುತ್ತದೆ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಅಕ್ಕನ ಮಗ ಓದಿ ಹೇಳಿದ. ಇಮೇಲ್‌ನಲ್ಲಿ ಬರೆದದ್ದು ವ್ಯಂಗ್ಯವೋ ಗಂಭೀರವೋ ಎಂಬುದು ನೂರಕ್ಕೆ 78 ಸಲ ತಿಳಿಯುತ್ತದೆ ಎಂದು ಬರೆದವರು ನಂಬಿದ್ದರು, ಓದಿದವರು ಸರಿಯಾಗಿ ಹೇಳಿದ್ದು 56 ಸಲ. ನಾಣ್ಯ ಚಿಮ್ಮಿದ್ದರೂ ಐವತ್ತು ಸಿಗುತ್ತಿತ್ತು.

ಮೊದಲು ಸಂಬೋಧನೆಯನ್ನು ತಿದ್ದಿದೆ. ಅಂಗಡಿಯಲ್ಲಿ "ಗೌಡರೇ, ನೀವು" ಎನ್ನುವವನು ಸಂದೇಶದಲ್ಲಿ "ದೊರೆಗಳೇ, ತಾವು" ಎಂದರೆ ಗೌರವ ಹೆಚ್ಚುವುದಿಲ್ಲ, ಕೊಂಕು ಹೆಚ್ಚುತ್ತದೆ. ರೈಟರ ಬಾಯಲ್ಲಿ ಆ ಒಂದು ಪದ ಸಾಕಾಗಿತ್ತು. ಈಗ ಎದುರಿಗೆ ಹೇಗೆ ಕರೆಯುತ್ತೇನೋ ಬರವಣಿಗೆಯಲ್ಲೂ ಹಾಗೆಯೇ. "ಇರಲಿ ಬಿಡಿ", "ಆಯಿತು ಬಿಡಿ" ಎಂಬ ಬಾಲಗಳನ್ನೂ ಕತ್ತರಿಸಿದೆ. ಬಾಯಲ್ಲಿ ಸಮಾಧಾನದಂತೆ ಕೇಳುವ ಆ "ಬಿಡಿ" ಬರವಣಿಗೆಯಲ್ಲಿ ಮುನಿಸಿನಂತೆ ಕಾಣುತ್ತದೆ.

ಎರಡನೆಯ ತಪ್ಪು ದೊಡ್ಡದು. ಹಣ ಬೇಕು ಎಂಬ ಮಾತನ್ನೇ ನಾನು ತಲೆಕೆಳಗು ಮಾಡಿ ಬರೆದಿದ್ದೆ. ಈಗ ಮೊತ್ತ ಮತ್ತು ತಾರೀಕು ಮೊದಲು, ಸಪ್ಪೆಯಾಗಿ, ತಮ್ಮದೇ ಸಾಲಿನಲ್ಲಿ. ನಗೆ ಅದರ ನಂತರ, ಬೇರೆ ಸಾಲಿನಲ್ಲಿ. ನಗೆಯ ಸಾಲನ್ನು ಅಳಿಸಿದರೂ ಸಂದೇಶ ಪೂರ್ತಿಯಾಗಿ ನಿಲ್ಲಬೇಕು.

ಇನ್ನು ನಗೆ ಯಾರ ಮೇಲೆ? ಗಿರಾಕಿಯ ಮೇಲಂತೂ ಬೇಡ, ನನ್ನ ಮೇಲೆಯೇ ಇರಲಿ ಎಂದುಕೊಂಡೆ. ಎರಡನೆಯ ವರ್ಷ ಬರೆದೆ: "ನೀವು ಕೊಡದಿದ್ದರೆ ನಮ್ಮ ಮನೆಯಲ್ಲಿ ಈ ವಾರ ಅನ್ನಕ್ಕೂ ಅಕ್ಕಿಯಿಲ್ಲ." ಮೂರನೆಯ ದಿನ ಆಲ್ದೂರು ಕಡೆಯ ಒಬ್ಬ ಬೆಳೆಗಾರರ ಜೀಪು ಅಂಗಡಿಯ ಮುಂದೆ ನಿಂತಿತು. ಡ್ರೈವರ್ ಹತ್ತು ಕಿಲೋ ಅಕ್ಕಿಯ ಚೀಲ ಇಳಿಸಿ, "ಅಮ್ಮ ಕಳಿಸಿದ್ದಾರೆ" ಎಂದ. ಹಣ ಬರಲಿಲ್ಲ. ಚೀಲ ಹಿಂದಿರುಗಿಸಿದರೆ ಆ ತಾಯಿಗೆ ಅವಮಾನ, ಇಟ್ಟುಕೊಂಡರೆ ನನಗೆ. ಇಟ್ಟುಕೊಂಡೆವು, ಅಕ್ಕಿ ಚೆನ್ನಾಗಿಯೇ ಇತ್ತು.

ಆ ಚೀಲದಿಂದ ಕಲಿತದ್ದು: ಉತ್ಪ್ರೇಕ್ಷೆ ನಿಜವಾಗಿರಲು ಸಾಧ್ಯವಿದ್ದರೆ ಅದನ್ನು ನಿಜವೆಂದೇ ಓದುತ್ತಾರೆ, ಒಳ್ಳೆಯವರು ಮೊದಲು ಓದುತ್ತಾರೆ. ಸುಳ್ಳೆಂದು ಇಬ್ಬರಿಗೂ ಮೊದಲೇ ಗೊತ್ತಿರುವ ಸಂಗತಿಯ ಮೇಲೆ ನಗೆ ನಿಲ್ಲಬೇಕು. ನನ್ನ ಅಂಗಡಿ ಹನ್ನೆರಡು ಅಡಿ ಅಗಲದ ಗೂಡು, ಹಿಂದೆ ಬರೀ ಗೋಡೆ. ಒಮ್ಮೆ ಒಳಗೆ ಬಂದವರಿಗೆ ಅದು ಗೊತ್ತು, ನನ್ನ ಹೊಟ್ಟೆಯೂ ಗೊತ್ತು. ಈಗ ಕಳಿಸುವುದು ಇದನ್ನು:

"ನಮಸ್ಕಾರ ಗೌಡರೇ. ಸ್ಪ್ರೇಯರ್ ಬಾಕಿ 18,400 ರೂಪಾಯಿ.
ಇದೇ 25ರೊಳಗೆ ಕೊಟ್ಟರೆ ನನಗೆ ಅನುಕೂಲ.
ಕಂಪನಿಯವರು ವಸೂಲಿಗೆ ಬಂದರೆ ನಾನು ಹಿಂಬಾಗಿಲಿನಿಂದ ಓಡುತ್ತೇನೆ. ಬಾಗಿಲು ಎಲ್ಲಿದೆ ಎಂದು ನೀವೇ ಹೇಳಬೇಕು."

ಕಳಿಸುವ ಮುಂಚೆ ಒಂದು ಪರೀಕ್ಷೆ. ಅಂಗಡಿಯ ಹುಡುಗನ ಕೈಗೆ ಮೊಬೈಲ್ ಕೊಟ್ಟು, ಜಪ್ತಿ ನೋಟಿಸು ಓದುವ ದನಿಯಲ್ಲಿ ಓದು ಎನ್ನುತ್ತೇನೆ. ಆ ದನಿಯಲ್ಲಿ ಯಾವ ಪದ ಚುಚ್ಚುತ್ತದೆಯೋ ಅದು ಹೋಗಬೇಕು. "ನನಗೆ ಅನುಕೂಲ" ಎಂಬಲ್ಲಿ ಮೊದಲು "ಒಳ್ಳೆಯದು" ಎಂದಿತ್ತು. ಹುಡುಗ "ಕೊಟ್ಟರೆ ಒಳ್ಳೆಯದು" ಎಂದು ಓದಿದಾಗ ನನಗೇ ಬೆದರಿಕೆಯಂತೆ ಕೇಳಿಸಿತು.

ನಡುವೆ ನಗುಮುಖದ ಚಿತ್ರಗಳನ್ನೂ ಪ್ರಯೋಗಿಸಿದೆ. ತಮಾಷೆ ಎಂದು ಗುರುತಿಸಲು `:-)` ಹಾಕೋಣ ಎಂದು ಅಮೆರಿಕದ ಸ್ಕಾಟ್ ಫಾಲ್ಮನ್ 1982ರಲ್ಲೇ ಸೂಚಿಸಿದ್ದರು. ಅವರು ಬಾಕಿ ವಸೂಲಿಗೆ ಬಳಸಿರಲಿಕ್ಕಿಲ್ಲ. ಕಣ್ಣೀರು ಬರುವಂತೆ ನಗುವ ಮುಖವನ್ನು ಮೊತ್ತದ ಪಕ್ಕ ಹಾಕಿದ್ದಕ್ಕೆ ಒಬ್ಬರು ಫೋನ್ ಮಾಡಿ, "ನನ್ನ ಸಾಲ ಕಂಡು ನಗು ಬಂತೇ?" ಎಂದರು. ಕೊನೆಗೆ "ತಮಾಷೆಗೆ ಹೇಳಿದೆ" ಎಂದು ಸೇರಿಸಿ ನೋಡಿದೆ, ಅನುಮಾನ ಇಮ್ಮಡಿಯಾಯಿತು. ಈಗ ಕೈಮುಗಿದ ಚಿತ್ರ ಒಂದೇ, ಅದೂ ನಮಸ್ಕಾರದ ಪಕ್ಕದಲ್ಲಿ.

ಎಲ್ಲರಿಗೂ ಇದು ನಡೆಯುವುದಿಲ್ಲ. ಅಂಗಡಿಯೊಳಗೆ ಕಾಲಿಡದೆ ಫೋನಿನಲ್ಲೇ ಯಂತ್ರ ತರಿಸಿಕೊಂಡವರಿಗೆ ಹಿಂಬಾಗಿಲಿನ ಮಾತು ಅರ್ಥವಾಗುವುದಿಲ್ಲ. ಯಂತ್ರದ ಬಗ್ಗೆ ತಕರಾರು ಇರುವವರಿಗೆ ಎಂಥ ನಗೆಯೂ ಕೊಂಕೇ. ಅಕಾಲ ಮಳೆ ಬಂದು ಕಣದಲ್ಲಿ ಕಾಫಿ ನೆನೆದ ವಾರ ಯಾರಿಗೂ ಕಳಿಸುವುದಿಲ್ಲ, ನಗೆಯಿಲ್ಲದ್ದನ್ನೂ ಸಹ. ಕೈತಪ್ಪಿದ ಆ ಹಿರಿಯರಿಗೆ ಸಂದೇಶದಲ್ಲಿ ಕ್ಷಮೆ ಕೇಳುವ ಹುಚ್ಚು ಮಾಡಲಿಲ್ಲ. ತೋಟಕ್ಕೇ ಹೋಗಿ ಕೇಳಿದೆ. ಕಾಫಿ ಕೊಟ್ಟರು, ವ್ಯಾಪಾರ ಕೊಡಲಿಲ್ಲ.

ಸುಮಾರು ಅರವತ್ತು ಜನರ ನಾಲ್ಕು ಲಕ್ಷದಷ್ಟು ಬಾಕಿಯಲ್ಲಿ ಮೊದಲು ಯುಗಾದಿಯ ಹೊತ್ತಿಗೆ ಅರ್ಧ ಬಂದರೆ ಹೆಚ್ಚು. ಕಳೆದೆರಡು ವರ್ಷ ಮುಕ್ಕಾಲು ಪಾಲು ಬಂದಿದೆ. ಕಾಫಿಗೆ ಬೆಲೆ ಬಂದದ್ದೂ ಕಾರಣವಿರಬಹುದು, ಆದರೆ ಪೈಪ್ ಅಂಗಡಿಯವರಿಗೂ ಅದೇ ಬೆಲೆಯ ಗಿರಾಕಿಗಳಲ್ಲವೇ? ಈಗ ಅವರೇ ನನ್ನ ಸಂದೇಶ ಕೇಳಿ ಪಡೆದಿದ್ದಾರೆ. 25 ದಾಟಿದ ಮೇಲೆ ಕಳಿಸುವ ಎರಡನೆಯ ಸಂದೇಶವನ್ನು ಮಾತ್ರ ಅವರಿಗೂ ಕೊಟ್ಟಿಲ್ಲ, ಇಲ್ಲೂ ಬರೆಯುವುದಿಲ್ಲ.

ಈ ವರ್ಷ ಮೊದಲು ಹಣ ಹಾಕಿದ್ದು ಆಲ್ದೂರು ಕಡೆಯ ಅದೇ ಬೆಳೆಗಾರರು. ಜೊತೆಗೆ ಒಂದು ಸಾಲು ಬರೆದಿದ್ದರು: "ಅಕ್ಕಿ ಇದೆಯೋ?" ನಕ್ಕೆ. ಆಮೇಲೆ ಯಾವುದಕ್ಕೂ ಇರಲಿ ಎಂದು ಹುಡುಗನಿಗೆ ಮೊಬೈಲ್ ಕೊಟ್ಟು ನೋಟಿಸಿನ ದನಿಯಲ್ಲಿ ಒಮ್ಮೆ ಓದಿಸಿದೆ.