ಆಸ್ಟ್ರೇಲಿಯಾದಲ್ಲಿ ತರಬೇತುದಾರರ ಪ್ರಮಾಣಪತ್ರ: ಯಾವ ಗುತ್ತಿಗೆಗೆ ಬೇಕು, ಯಾವುದಕ್ಕೆ ಬೇಡ

ಮಡಿಕೇರಿಯ ಕಾಫಿ ಕೆಫೆಯೊಂದರಲ್ಲಿ ಮೂರು ವರ್ಷ ಕೆಲಸ ಮಾಡಿ, ಮದುವೆಯ ನಂತರ ಮೆಲ್ಬರ್ನ್‌ಗೆ ಹೋಗಿ ಅಲ್ಲಿ ಖಾಯಂ ವಾಸದ ಅನುಮತಿ ಪಡೆದಿರುವ ನನ್ನ ಸೋದರಸೊಸೆ, ಕಳೆದ ಹುತ್ತರಿಗೆ ಗೋಣಿಕೊಪ್ಪದ ನಮ್ಮ ಮನೆಗೆ ಬಂದಿದ್ದಾಗ ಒಂದು ಪ್ರಶ್ನೆ ಕೇಳಿದಳು: “ಅತ್ತೆ, ಅಲ್ಲಿಯ ಹೋಟೆಲೊಂದು ತನ್ನ ಹತ್ತು ಸಿಬ್ಬಂದಿಗೆ ಎಸ್ಪ್ರೆಸೊ ಮಾಡುವುದನ್ನು ಕಲಿಸಿಕೊಡಿ ಎಂದು ಕೇಳುತ್ತಿದೆ. ಸಾವಿರಾರು ಡಾಲರ್ ಕಟ್ಟಿ ತರಬೇತುದಾರರ ಪ್ರಮಾಣಪತ್ರ ಪಡೆಯಬೇಕೇ?” ಅಲ್ಲಿ ಕೆಲಕಾಲ ಇದೇ ವೃತ್ತಿಯಲ್ಲಿದ್ದ ನಾನು, ಹೌದು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ, ತರಬೇತಿಯ ಕೊನೆಗೆ ಸಿಬ್ಬಂದಿಯ ಕೈಗೆ ಯಾವ ಕಾಗದ ಸಿಗಬೇಕು ಎಂದು ಹೋಟೆಲಿನವರನ್ನು ಮೊದಲು ಕೇಳು ಎಂದೆ.

ಹೋಟೆಲಿಗೆ ಬೇಕಿರುವುದು ಕೆಲಸದ ಚುರುಕು ಮಾತ್ರವಾದರೆ, ಅದು ಸಂಸ್ಥೆಯ ಒಳಗಿನ ತರಬೇತಿ. ಅದನ್ನು ನೀಡಲು ಕಾನೂನು ಯಾವ ಬೋಧನಾ ಪ್ರಮಾಣಪತ್ರವನ್ನೂ ಕೇಳುವುದಿಲ್ಲ. ಆದರೆ ಸಿಬ್ಬಂದಿಗೆ ರಾಷ್ಟ್ರಮಾನ್ಯ ಅರ್ಹತೆ ದೊರೆಯಬೇಕಾದರೆ, ಅಂದರೆ ಎಸ್ಪ್ರೆಸೊ ತಯಾರಿಕೆಯ SITHFAB025 ಎಂಬ ಕಲಿಕಾ ಘಟಕದಲ್ಲಿ ಉತ್ತೀರ್ಣರೆಂಬ ಪತ್ರ ಸಿಗಬೇಕಾದರೆ, ಅದನ್ನು ಕೊಡುವ ಅಧಿಕಾರ ನೋಂದಾಯಿತ ತರಬೇತಿ ಸಂಸ್ಥೆಗೆ ಮಾತ್ರ ಇದೆ. ಅಲ್ಲಿ ಅದನ್ನು ಆರ್‌ಟಿಓ ಎನ್ನುತ್ತಾರೆ. ನಮ್ಮೂರಿನಲ್ಲಿ ವಾಹನ ಪರವಾನಗಿಯ ಕಚೇರಿಗೆ ಇರುವ ಹೆಸರೇ ಇದಕ್ಕೂ ಇರುವುದರಿಂದ ಹೊಸಬರು ಒಂದು ಕ್ಷಣ ಗಲಿಬಿಲಿಗೊಳ್ಳುವುದುಂಟು. ಇಂತಹ ಸಂಸ್ಥೆಯ ಪರವಾಗಿ ಕಲಿಸಿ, ಅಭ್ಯರ್ಥಿ ಸಮರ್ಥನೋ ಅಲ್ಲವೋ ಎಂದು ತೀರ್ಮಾನಿಸುವವರಿಗೆ TAE40122, ಅಂದರೆ ತರಬೇತಿ ಮತ್ತು ಮೌಲ್ಯಮಾಪನದ ನಾಲ್ಕನೇ ಹಂತದ ಪ್ರಮಾಣಪತ್ರ, ಅಥವಾ ನಿಯಮಗಳು ಒಪ್ಪುವ ಬೇರೊಂದು ಅರ್ಹತೆ ಬೇಕು. ಅದಿಲ್ಲದವರು ಅರ್ಹ ತರಬೇತುದಾರರ ನಿರ್ದೇಶನದಲ್ಲಿ ಕಲಿಸಬಹುದು. ಆದರೆ ಅಂತಿಮ ತೀರ್ಮಾನ ಅವರದಲ್ಲ.

ಈ ಪ್ರಮಾಣಪತ್ರದಲ್ಲಿ ಹನ್ನೆರಡು ಘಟಕಗಳಿವೆ: ಆರು ಕಡ್ಡಾಯ, ಆರು ಐಚ್ಛಿಕ. ಪಾಠದ ಯೋಜನೆ ಹಾಕುವುದು, ಕಲಿಸುವುದು, ಅಭ್ಯರ್ಥಿಯ ಕೆಲಸವನ್ನು ಅಳೆಯುವುದು, ಅಳೆದದ್ದು ಸರಿಯೇ ಎಂದು ಇತರರೊಡನೆ ಕೂತು ಪರಿಶೀಲಿಸುವುದು ಇದರ ತಿರುಳು. ಎರಡು ದಿನಗಳಲ್ಲಿ ಮುಗಿಯುವ ‘ಟ್ರೈನ್ ದ ಟ್ರೈನರ್’ ಶಿಬಿರದ ಪತ್ರ ಇದಕ್ಕೆ ಸಮವಲ್ಲ. ಆ ಶಿಬಿರ ವ್ಯರ್ಥವೆಂದು ನಾನು ಹೇಳುವುದಿಲ್ಲ, ಆದರೆ ಆರ್‌ಟಿಓ ಗುತ್ತಿಗೆಗೆ ಅದು ನೆರವಾಗದು. ಹಣ ಕಟ್ಟುವ ಮೊದಲು training.gov.au ಎಂಬ ತಾಣದಲ್ಲಿ ಸಂಸ್ಥೆಯ ಹೆಸರು ಹುಡುಕಿ, ಅದರ ಪಟ್ಟಿಯಲ್ಲಿ TAE40122 ಇದೆಯೇ ಎಂದು ನೋಡಬೇಕು. ತರಬೇತಿ ಕ್ಷೇತ್ರದ ನಿಯಂತ್ರಕ ಸಂಸ್ಥೆ 2024ರ ಕೊನೆಯಿಂದೀಚೆಗೆ ಕೆಲವು ಸಂಸ್ಥೆಗಳು ನೀಡಿದ್ದ ಸಾವಿರಾರು ಅರ್ಹತೆಗಳನ್ನು ರದ್ದುಪಡಿಸಿರುವುದರಿಂದ, ವಾರದೊಳಗೆ ಮುಗಿಸಿಕೊಡುತ್ತೇವೆ ಎನ್ನುವವರ ಬಗ್ಗೆ ಎಚ್ಚರ ಬೇಕು.

ನಮ್ಮವರು ಹೆಚ್ಚಾಗಿ ಎಡವುವುದು ಇನ್ನೊಂದು ಕಡೆ. ಬೋಧನಾ ಪ್ರಮಾಣಪತ್ರ ಅರ್ಧ ಭಾಗ ಮಾತ್ರ. ಕಲಿಸುವ ವಿಷಯದಲ್ಲಿ ತಾವೇ ಸಮರ್ಥರೆಂದೂ, ಆ ಕೌಶಲ ಇಂದಿಗೂ ಬಳಕೆಯಲ್ಲಿದೆಯೆಂದೂ ಆರ್‌ಟಿಓಗೆ ದಾಖಲೆ ಒದಗಿಸಬೇಕು. ನನ್ನ ಸೋದರಸೊಸೆ ತನ್ನ ಪರಿಚಯಪತ್ರದ ಮೊದಲ ಸಾಲಿನಲ್ಲಿ “ಕಾಫಿ ತೋಟದಲ್ಲಿ ಬೆಳೆದವಳು” ಎಂದು ಬರೆದಿದ್ದಳು. ಕಣದಲ್ಲಿ ಚೆರ್ರಿ ಒಣಗಿಸಿದ ಅನುಭವಕ್ಕೂ ಯಂತ್ರದಲ್ಲಿ ಹಾಲಿನ ನೊರೆ ಎಬ್ಬಿಸುವುದಕ್ಕೂ ಸಂಬಂಧವಿಲ್ಲವೆಂದು ಆರ್‌ಟಿಓ ಆ ಸಾಲನ್ನು ಬದಿಗಿಟ್ಟಿತು. ಅವರು ಒಪ್ಪಿದ ದಾಖಲೆಗಳೇ ಬೇರೆ: ಬೀಸುವ ಯಂತ್ರವನ್ನು ಹೊಂದಿಸುವುದು, ಎಸ್ಪ್ರೆಸೊ ಶಾಟ್ ತೆಗೆಯುವುದು, ಯಂತ್ರ ತೊಳೆಯುವುದು ಎಂಬ ಕೆಲಸಗಳನ್ನು ದಿನಾಂಕಗಳ ಸಮೇತ ವಿವರಿಸಿದ ಮಡಿಕೇರಿಯ ಮಾಲೀಕರ ಪತ್ರ, ಮೆಲ್ಬರ್ನ್ ಕೆಫೆಯಲ್ಲಿ ಮಾಡಿದ ಇತ್ತೀಚಿನ ಪಾಳಿಗಳ ವೇತನ ಚೀಟಿ, ಮತ್ತು ಅವಳೇ SITHFAB025 ಮುಗಿಸಿದ ಪತ್ರ. ಆ ಘಟಕಕ್ಕೆ ಆಹಾರ ಸುರಕ್ಷತೆಯ SITXFSA005 ಪೂರ್ವಾರ್ಹತೆಯಾಗಿರುವುದರಿಂದ, ಹೋಟೆಲಿನ ಹತ್ತು ಮಂದಿಯಲ್ಲಿ ಅದಿಲ್ಲದವರು ಯಾರೆಂದೂ ಮೊದಲೇ ಪಟ್ಟಿ ಮಾಡಬೇಕಾಯಿತು.

ಕೊನೆಗೆ ಕೆಲಸ ಎರಡು ಭಾಗವಾಯಿತು. ಹೋಟೆಲಿನ ಸ್ವಂತ ಪಾನೀಯ ಪಟ್ಟಿ ಮತ್ತು ಸೇವಾ ಕ್ರಮದ ಒಂದು ದಿನದ ತರಬೇತಿಗೆ ಅವಳು ತನ್ನ ವ್ಯಾಪಾರ ನೋಂದಣಿ ಸಂಖ್ಯೆಯ ಮೇಲೆ ನೇರವಾಗಿ ಬಿಲ್ ಮಾಡಿದಳು. ರಾಷ್ಟ್ರಮಾನ್ಯ ಘಟಕದ ಗುತ್ತಿಗೆ ಹೋಟೆಲಿಗೂ ಆರ್‌ಟಿಓಗೂ ನಡುವೆ ಆಗಿ, ಅವಳು ಆರ್‌ಟಿಓ ಕೆಳಗೆ ಕಲಿಸಿದಳು. ಪತ್ರದ ಮೇಲೆ ಇರುವುದು ಆರ್‌ಟಿಓ ಹೆಸರು. ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವಾಗ, ಮೌಲ್ಯಮಾಪನದ ಕಡತ ಯಾರು ಇಟ್ಟುಕೊಳ್ಳಬೇಕು, ಅಭ್ಯರ್ಥಿ ಮೊದಲ ಸಲ ಸಮರ್ಥನಾಗದಿದ್ದರೆ ಮರುಪರೀಕ್ಷೆಯ ದಿನಕ್ಕೆ ಸಂಭಾವನೆ ಉಂಟೇ ಎಂಬ ಎರಡನ್ನೂ ಬರೆಸಿಕೊಳ್ಳಬೇಕು. ಎರಡನೆಯದನ್ನು ಮರೆತು ನಾನು ಒಮ್ಮೆ ಎರಡು ದಿನ ಬಿಟ್ಟಿಯಾಗಿ ದುಡಿದಿದ್ದೇನೆ.

ಇದೆಲ್ಲವೂ ಸ್ವತಂತ್ರವಾಗಿ ದುಡಿಯುವ ಹಕ್ಕು ಇರುವವರಿಗೆ ಅನ್ವಯಿಸುತ್ತದೆ. ಉದ್ಯೋಗದಾತರ ಪ್ರಾಯೋಜಕತ್ವದ ವೀಸಾದಲ್ಲಿರುವವರು ಪ್ರಮಾಣಪತ್ರ ಪಡೆಯಬಹುದಾದರೂ, ಅದರ ಬಲದಿಂದ ಹೊರಗಿನ ಗುತ್ತಿಗೆ ಒಪ್ಪಿಕೊಳ್ಳುವ ಮೊದಲು ವೀಸಾದ ಷರತ್ತುಗಳನ್ನು ಓದಲೇಬೇಕು.