ಟಿಎಂಟಿ ವರದಿಯಲ್ಲಿ ‘ಪಾಸಿಟಿವ್’ ಎಂದಿದ್ದರೆ ಅದನ್ನು ಓದುವುದು ಹೇಗೆ?

ಟ್ರೆಡ್‌ಮಿಲ್ ಪರೀಕ್ಷೆಯ ವರದಿ ಕೈಗೆ ಬಂದಾಗ ಬಹುತೇಕರ ಕಣ್ಣು ನೇರವಾಗಿ ಕೊನೆಯ ಸಾಲಿಗೆ ಹೋಗುತ್ತದೆ. ಅಲ್ಲಿ ‘ಪಾಸಿಟಿವ್’ ಎಂದಿದ್ದರೆ ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇದೆ ಎಂದೇ ತೀರ್ಮಾನವಾಗಿಬಿಡುತ್ತದೆ. ಆದರೆ ಈ ಪರೀಕ್ಷೆ ರಕ್ತನಾಳವನ್ನು ನೋಡುವುದೇ ಇಲ್ಲ. ಹೃದಯದ ಕೆಲಸ ಹೆಚ್ಚಿದಾಗ ಇಸಿಜಿಯ ಗೆರೆ, ರಕ್ತದೊತ್ತಡ ಮತ್ತು ರೋಗಲಕ್ಷಣ ಹೇಗೆ ಬದಲಾದವು ಎಂಬುದನ್ನು ದಾಖಲಿಸುತ್ತದೆ, ಅಷ್ಟೆ. ಆದ್ದರಿಂದ ವರದಿಯನ್ನು ಮೇಲಿನಿಂದ ಕೆಳಕ್ಕೆ ಓದಬೇಕು.

ಮೊದಲು ನೋಡಬೇಕಾದದ್ದು ಎಷ್ಟು ಹೊತ್ತು ನಡೆದಿರಿ, ಏಕೆ ನಿಲ್ಲಿಸಿದಿರಿ ಎಂಬುದನ್ನು. ಸಾಮಾನ್ಯವಾಗಿ ಬಳಸುವ ಬ್ರೂಸ್ ಕ್ರಮದಲ್ಲಿ ಪ್ರತಿ 3 ನಿಮಿಷಕ್ಕೊಮ್ಮೆ ವೇಗವೂ ಏರೂ ಹೆಚ್ಚುತ್ತವೆ. 220ರಿಂದ ವಯಸ್ಸನ್ನು ಕಳೆದರೆ ಬರುವ ಹೃದಯ ಬಡಿತದ ಶೇ 85ರಷ್ಟನ್ನಾದರೂ ತಲುಪದೆ ಪರೀಕ್ಷೆ ನಿಂತಿದ್ದು, ಬದಲಾವಣೆಯೂ ಕಾಣದಿದ್ದರೆ ಆ ಫಲಿತಾಂಶವನ್ನು ‘ನೆಗೆಟಿವ್’ ಎಂದು ನಂಬುವಂತಿಲ್ಲ.

ನಂತರ ಗೆರೆಯ ಆಕಾರಕ್ಕೆ ಬನ್ನಿ. ಪ್ರತಿ ಬಡಿತದ ಚೂಪಾದ ಅಲೆ ಮುಗಿದ ಮೇಲೆ ಮುಂದಿನ ದುಂಡನೆಯ ಅಲೆ ಏಳುವವರೆಗಿನ ತುಣುಕೇ ಎಸ್‌ಟಿ ಭಾಗ. ಚೂಪಾದ ಅಲೆ ಮುಗಿದ ಬಿಂದುವಿನಿಂದ ಇಸಿಜಿ ಕಾಗದದ ಎರಡು ಸಣ್ಣ ಚೌಕಗಳಷ್ಟು ಮುಂದೆ ಹೋದಾಗ ಈ ತುಣುಕು ಮೂಲ ರೇಖೆಗಿಂತ ಒಂದು ಸಣ್ಣ ಚೌಕದಷ್ಟು, ಅಂದರೆ 1 ಮಿ.ಮೀ. ಅಥವಾ ಅದಕ್ಕೂ ಹೆಚ್ಚು ಕೆಳಗಿದ್ದು, ಸಮತಟ್ಟಾಗಿಯೋ ಇಳಿಜಾರಾಗಿಯೋ ಸಾಗುತ್ತಿದ್ದು, ಸತತ ಹಲವು ಬಡಿತಗಳಲ್ಲಿ ಹಾಗೆಯೇ ಕಂಡರೆ ಅದನ್ನು ಪಾಸಿಟಿವ್ ಎನ್ನುತ್ತಾರೆ. ಕುಸಿದ ತುಣುಕು ಬೇಗನೆ ಮೇಲಕ್ಕೆ ಏರುತ್ತಿದ್ದರೆ ಅದಕ್ಕೆ ಅಷ್ಟು ತೂಕವಿಲ್ಲ. ಆರೋಗ್ಯವಂತರ ಹೃದಯ ವೇಗವಾಗಿ ಬಡಿಯುವಾಗಲೂ ಅದು ಕಾಣುತ್ತದೆ. ಯಂತ್ರವೇ ಮುದ್ರಿಸುವ ಸರಾಸರಿ ಅಲೆಗಳನ್ನು ಮಾತ್ರ ನೋಡಿ ತೀರ್ಪು ಕೊಡುವುದು ಸರಿಯಲ್ಲ, ಏಕೆಂದರೆ ಓಡುವಾಗ ಮೈ ಅಲುಗಿ ಮೂಲ ರೇಖೆಯೇ ತೂಗಾಡಿದರೆ ಆ ಸರಾಸರಿ ದಾರಿ ತಪ್ಪಿಸುತ್ತದೆ. ಮೂಲ ಪಟ್ಟಿಯನ್ನು ತಜ್ಞರು ಕಣ್ಣಾರೆ ನೋಡಲೇಬೇಕು.

ಬ್ಲಾಕ್ ಇಲ್ಲದೆಯೂ ಈ ಕುಸಿತ ಬರಬಹುದು. ಹೃದಯದ ಗೋಡೆ ದಪ್ಪವಾಗಿರುವವರಲ್ಲಿ, ಡಿಜಾಕ್ಸಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಪೊಟ್ಯಾಸಿಯಂ ಕಡಿಮೆ ಇರುವವರಲ್ಲಿ ಇದನ್ನು ಕಾಣುತ್ತೇವೆ. ಹೃದಯದ ಎಡಭಾಗಕ್ಕೆ ವಿದ್ಯುತ್ ಸಂಕೇತ ಒಯ್ಯುವ ಎಡ ಬಂಡಲ್ ಶಾಖೆಯಲ್ಲಿ ತಡೆ ಅಥವಾ ಪೇಸ್‌ಮೇಕರ್‌ನ ಬಡಿತ ಇದ್ದರೆ ಎಸ್‌ಟಿ ಭಾಗವನ್ನು ಓದಲು ಬರುವುದೇ ಇಲ್ಲ. ಅಂಥವರಿಗೆ ಬೇರೆ ಪರೀಕ್ಷೆ ಬೇಕು.

ಈಗ ಮುಖ್ಯ ಪ್ರಶ್ನೆ: ಪರೀಕ್ಷೆಗೆ ಮುನ್ನ ನಿಮಗೆ ಕಾಯಿಲೆ ಇರುವ ಸಾಧ್ಯತೆ ಎಷ್ಟಿತ್ತು? ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬ್ಲಾಕ್ ಇರುವ ನೂರು ಜನರಲ್ಲಿ ಸುಮಾರು 68 ಮಂದಿಗೆ ಪರೀಕ್ಷೆ ಪಾಸಿಟಿವ್ ಬರುತ್ತದೆ; ಬ್ಲಾಕ್ ಇಲ್ಲದ ನೂರರಲ್ಲಿ ಸುಮಾರು 23 ಮಂದಿಗೂ ಬರುತ್ತದೆ. ಉದಾಹರಣೆಗೆ, ಎದೆನೋವಿಲ್ಲದೆ ಸುಮ್ಮನೆ ತಪಾಸಣೆಗೆ ಬಂದ 46 ವರ್ಷದ ಮಹಿಳೆಯೊಬ್ಬರಿಗೆ ಬ್ಲಾಕ್ ಇರುವ ಸಾಧ್ಯತೆ ಶೇ 5 ಎಂದುಕೊಳ್ಳೋಣ. ಅಂಥ ಸಾವಿರ ಮಂದಿಯಲ್ಲಿ ಬ್ಲಾಕ್ ಇರುವ 50 ಜನರ ಪೈಕಿ 34 ಮಂದಿ, ಇಲ್ಲದ 950 ಜನರ ಪೈಕಿ ಸುಮಾರು 218 ಮಂದಿ ಪಾಸಿಟಿವ್ ಆಗುತ್ತಾರೆ. ಅಂದರೆ ಪಾಸಿಟಿವ್ ಆದ ಏಳೆಂಟು ಜನರಲ್ಲಿ ಒಬ್ಬರಿಗೆ ಮಾತ್ರ ಬ್ಲಾಕ್ ಇರುತ್ತದೆ. ನಡೆದರೆ ಎದೆ ಹಿಂಡಿ, ನಿಂತರೆ ಕಡಿಮೆಯಾಗುವ ನೋವಿರುವ 62 ವರ್ಷದ ಪುರುಷನಿಗೆ ಅದೇ ಸಾಧ್ಯತೆ ಶೇ 80 ಎಂದಿಟ್ಟುಕೊಂಡರೆ, ಪಾಸಿಟಿವ್ ಆದ ಹತ್ತರಲ್ಲಿ ಒಂಬತ್ತು ಮಂದಿಗೆ ಬ್ಲಾಕ್ ಇರುತ್ತದೆ. ಗೆರೆ ಒಂದೇ ಆದರೂ ಅರ್ಥ ಬೇರೆ.

ಅಪಾಯದ ಮಟ್ಟವನ್ನು ಅಳೆಯಲು ಡ್ಯೂಕ್ ಅಂಕ ನೆರವಾಗುತ್ತದೆ. ಬ್ರೂಸ್ ಕ್ರಮದಲ್ಲಿ ನಡೆದ ನಿಮಿಷಗಳಿಂದ, ಮಿ.ಮೀ. ಲೆಕ್ಕದ ಎಸ್‌ಟಿ ಬದಲಾವಣೆಯ ಐದು ಪಟ್ಟನ್ನು, ಜೊತೆಗೆ ನೋವಿನ ಅಂಕದ ನಾಲ್ಕು ಪಟ್ಟನ್ನು ಕಳೆಯಬೇಕು. ನೋವಿಲ್ಲದಿದ್ದರೆ 0, ನೋವಿದ್ದರೆ 1, ನೋವಿನಿಂದಲೇ ಪರೀಕ್ಷೆ ನಿಂತಿದ್ದರೆ 2. ಆ ಮಹಿಳೆ 10 ನಿಮಿಷ ನಡೆದು, 1 ಮಿ.ಮೀ. ಕುಸಿತ ಕಂಡು, ನೋವಿಲ್ಲದಿದ್ದರೆ ಅಂಕ 5, ಅಂದರೆ ಕಡಿಮೆ ಅಪಾಯ. ಆ ಪುರುಷ 4 ನಿಮಿಷಕ್ಕೇ 2 ಮಿ.ಮೀ. ಕುಸಿತದೊಂದಿಗೆ ನೋವಿನಿಂದ ನಿಲ್ಲಿಸಿದ್ದರೆ 4ರಿಂದ 10, ಮತ್ತೆ 8 ಕಳೆದು −14. −11 ಅಥವಾ ಅದಕ್ಕಿಂತ ಕೆಳಗಿದ್ದರೆ ಹೆಚ್ಚಿನ ಅಪಾಯ. ಇಂಥವರನ್ನು ತಡಮಾಡದೆ ಆಂಜಿಯೋಗ್ರಾಮ್‌ಗೆ ಪರಿಗಣಿಸುತ್ತಾರೆ. ಮಹಿಳೆಯ ವಿಷಯದಲ್ಲಿ ನೇರವಾಗಿ ಅಲ್ಲಿಗೆ ಹೋಗದೆ, ವೈದ್ಯರೊಂದಿಗೆ ಚರ್ಚಿಸಿ ಸ್ಟ್ರೆಸ್ ಎಕೋ ಅಥವಾ ಸಿಟಿ ಆಂಜಿಯೋಗ್ರಾಮ್‌ನಂಥ ಪರೀಕ್ಷೆ ಬೇಕೇ ಎಂದು ನಿರ್ಧರಿಸಬಹುದು.

ಇಸಿಜಿ ಹೃದಯವನ್ನು ಬೇರೆ ಬೇರೆ ಕೋನಗಳಿಂದ ದಾಖಲಿಸುವ ಲೀಡ್‌ಗಳ ಪೈಕಿ ಯಾವುದರಲ್ಲಿ ಕುಸಿತ ಕಂಡಿತು ಎಂಬುದರಿಂದ ಬ್ಲಾಕ್ ಯಾವ ನಾಳದಲ್ಲಿದೆ ಎಂದು ಹೇಳಲಾಗದು. ಹಾಗೆಯೇ ಹೃದಯಾಘಾತ ಆಗುವುದೇ ಇಲ್ಲ ಎಂಬ ಭರವಸೆಯನ್ನು ನೆಗೆಟಿವ್ ವರದಿಯೂ ಕೊಡುವುದಿಲ್ಲ, ಏಕೆಂದರೆ ಹರಿವನ್ನು ತಡೆಯದಷ್ಟು ಚಿಕ್ಕ ಕೊಬ್ಬಿನ ಪದರವೂ ಒಡೆದು ರಕ್ತ ಹೆಪ್ಪುಗಟ್ಟಬಹುದು. ವರದಿ ಏನೇ ಇರಲಿ, ವಿಶ್ರಾಂತಿಯಲ್ಲಿದ್ದಾಗ ಎದೆ ಹಿಂಡುವ ನೋವು ಬಂದು ಕಡಿಮೆಯಾಗದಿದ್ದರೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಬೇಕು.