ಕುವೈತಿನ ಮೀನಿನ ಬಿಲ್ಲನ್ನು ಕನ್ನಡಕ್ಕೆ ತರುವಾಗ: ಹೊಸಬರಿಗೆ ಒಂದಿಷ್ಟು ಲೆಕ್ಕ

ಮಂಗಳೂರು, ಉಡುಪಿ ಕಡೆಯಿಂದ ಕುವೈತಿಗೆ ಬಂದವರು ಮೊದಲ ವಾರದಲ್ಲೇ ಅಂಗಡಿ ಬಿಲ್ಲಿನ ಫೋಟೋ ಮನೆಗೆ ಕಳಿಸುತ್ತಾರೆ. ಆ ಕಡೆಯಿಂದ ಬರುವ ಪ್ರಶ್ನೆ ಒಂದೇ: "ರೂಪಾಯಿಯಲ್ಲಿ ಎಷ್ಟಾಯ್ತು ಮಗಾ?" ಹೇಳುವಾಗ ತಪ್ಪುವುದು ಭಾಷೆ ಬಾರದೆ ಅಲ್ಲ. ಚುಕ್ಕಿಯ ಮುಂದೆ ಎರಡೇ ಅಂಕೆ ನೋಡಿ ಬೆಳೆದ ಕಣ್ಣು ನಮ್ಮದು, ಅದಕ್ಕೆ.

ಕುವೈತಿ ದಿನಾರಿಗೆ 100 ಅಲ್ಲ, 1000 ಫಿಲ್ಸ್. ಹಾಗಾಗಿ ಹಣದಲ್ಲೂ ಚುಕ್ಕಿಯ ನಂತರ ಮೂರು ಅಂಕೆ, ಕಿಲೋ ತೂಕದಲ್ಲೂ ಮೂರು ಅಂಕೆ. ಒಂದು ಸಾಲು ಹೀಗಿದೆ ಅಂದುಕೊಳ್ಳಿ: ಜುಬೈದಿ, 0.620, 6.500, 4.030. ಜುಬೈದಿ ಅಂದರೆ ನಮ್ಮ ಮಾಂಜಿ. ಇದರಲ್ಲಿ ತೂಕ ಯಾವುದು, ದುಡ್ಡು ಯಾವುದು ಎಂದು ಊಹಿಸಬೇಡಿ, ಗುಣಿಸಿ ನೋಡಿ. 0.620 ಕಿಲೋ ಗುಣಿಸು 6.500 ದಿನಾರ್, ಸರಿಯಾಗಿ 4.030 ಬರುತ್ತದೆ. ಗುಣಾಕಾರ ಕೂಡದಿದ್ದರೆ ಫೋಟೋದಲ್ಲಿ ಒಂದು ಅಂಕೆ ತಪ್ಪಾಗಿ ಓದಿದ್ದೀರಿ ಎಂದೇ ಲೆಕ್ಕ.

ಈಗ 4.030ರ ಕಥೆ. ಎಕ್ಸೆಲ್‌ಗೆ ಹಾಕಿದರೆ ಕೊನೆಯ ಸೊನ್ನೆ ಉದುರಿ 4.03 ಆಗುತ್ತದೆ. ನಮ್ಮವರು ಅದನ್ನು "4 ದಿನಾರ್ 3 ಫಿಲ್ಸ್" ಎಂದು ಬರೆದುಬಿಡುತ್ತಾರೆ. ಅದು 30 ಫಿಲ್ಸ್. 6.5 ಎಂದು ಕಂಡರೆ "ಆರು ದಿನಾರ್ ಐವತ್ತು" ಅನ್ನುವುದೂ ಇದೇ ರೋಗ. ಅದು ಐನೂರು ಫಿಲ್ಸ್, ಅರ್ಧ ದಿನಾರ್. ಅನುವಾದದಲ್ಲಿ ಮೂರೂ ಅಂಕೆ ಉಳಿಸಿ. ಫೋಟೋ ಮಬ್ಬಾಗಿ ಚುಕ್ಕಿಯೇ ಅಳಿಸಿಹೋದರೆ 4030 ದಿನಾರ್ ಆಗುತ್ತದೆ, ಅಮ್ಮ ಮಾಂಜಿಗೆ ಲಕ್ಷಗಟ್ಟಲೆ ಕೊಟ್ಟನೆಂದು ಗಾಬರಿಪಟ್ಟಾರು. ಬಿಲ್ಲಿನ ಕಾಗದ ಸಾಮಾನ್ಯವಾಗಿ ಶಾಖಕ್ಕೆ ಕೆಡುವ ಜಾತಿಯದು, ಕಾರಿನ ಬಿಸಿಲಿಗೆ ಇಟ್ಟು ಆಮೇಲೆ ಫೋಟೋ ತೆಗೆಯಬೇಡಿ.

ಅರಬ್ಬಿ ಅಂಕೆಯಲ್ಲೇ ಅಚ್ಚಾಗಿದ್ದರೆ ನಮಗೆ ಇನ್ನೊಂದು ಮೋಸ ಕಾದಿದೆ. ಅಲ್ಲಿ ಸೊನ್ನೆ ಬರೀ ಚುಕ್ಕಿ. ನಮ್ಮ ಕನ್ನಡ ಸೊನ್ನೆಯಂತೆ ದುಂಡಗೆ ಕಾಣುವುದು ಐದು. ಇಂಗ್ಲಿಷ್ ಏಳರ ಹಾಗೆ ಕಾಣುವುದು ಆರು. ಅಕ್ಷರ ಬಲದಿಂದ ಎಡಕ್ಕೆ ಹೋದರೂ ಒಂದು ಸಂಖ್ಯೆಯೊಳಗಿನ ಅಂಕೆಗಳು ನಮ್ಮಂತೆಯೇ ಎಡದಿಂದ ಬಲಕ್ಕೆ. ದಶಾಂಶದ ಗುರುತು ಅಲ್ಪವಿರಾಮದ ಹಾಗಿರುತ್ತದೆ, ಸಾವಿರದ ಗುರುತೆಂದು ಓದಬೇಡಿ.

ಮುಂದಿನ ಸಾಲು ಈರುಳ್ಳಿ: 1.155 ಕಿಲೋ, ಕಿಲೋಗೆ 0.350, ಅಂದರೆ 0.404. ಎರಡೂ ಸೇರಿ 4.434. ನಗದು ಕೊಟ್ಟರೆ ಇದು 4.435 ಆಗಬಹುದು, ಏಕೆಂದರೆ ಕೈಯಲ್ಲಿ ಓಡಾಡುವ ಅತಿ ಸಣ್ಣ ನಾಣ್ಯ 5 ಫಿಲ್ಸ್. ಈ ಒಂದು ಫಿಲ್ಸಿಗೆ ಅಂಗಡಿಯವನ ಜತೆ ಜಗಳ ಬೇಡ, ಅನುವಾದದಲ್ಲಿ "ನಗದು ಹೊಂದಾಣಿಕೆ" ಎಂದು ಬೇರೆ ಸಾಲು ಹಾಕಿ.

ರೂಪಾಯಿಗೆ ತರುವಾಗ ಒಂದೊಂದು ಸಾಲನ್ನೂ ಪರಿವರ್ತಿಸಿ ಕೂಡಿಸಬೇಡಿ, ಕೊನೆಯ ಮೊತ್ತವನ್ನು ಒಮ್ಮೆ ಪರಿವರ್ತಿಸಿ. ಲೆಕ್ಕಕ್ಕೆ ದಿನಾರಿಗೆ 280 ಎಂದು ಹಿಡಿದರೆ 4.435 ದಿನಾರ್ 1241 ರೂಪಾಯಿ 80 ಪೈಸೆ. ಮೀನು, ಈರುಳ್ಳಿಯ ಸಾಲುಗಳನ್ನಷ್ಟೇ ಪರಿವರ್ತಿಸಿ ಕೂಡಿಸಿದರೆ 1241 ರೂಪಾಯಿ 52 ಪೈಸೆ ಬಂದು, ಊರಲ್ಲಿ ಲೆಕ್ಕ ನೋಡುವವರಿಗೆ 28 ಪೈಸೆ ಎಲ್ಲಿ ಹೋಯಿತೆಂಬ ಸಂಶಯ. ಕುವೈತಿ ದಿನಾರ್ 2007ರಿಂದ ಹಲವು ಕರೆನ್ಸಿಗಳ ಗುಚ್ಛಕ್ಕೆ ಹೊಂದಿಕೊಂಡಿದೆ, ದರ ಅಲುಗಾಡುತ್ತದೆ. ಆದ್ದರಿಂದ ಬಿಲ್ಲಿನ ದಿನದ ದರ ಬಳಸಿ, ಯಾವ ದಿನದ ದರವೆಂದು ಪಕ್ಕದಲ್ಲೇ ಬರೆಯಿರಿ. ಊರಿನ ಬ್ಯಾಂಕಿನ ಕಾರ್ಡ್ ಉಜ್ಜಿದ್ದರೆ ದರ ಹುಡುಕುವುದೇ ಬೇಡ, ಖಾತೆಯಿಂದ ಕಡಿತವಾದ ರೂಪಾಯಿಯೇ ನಿಜ.

ದುಬೈಯಿಂದ ಬಂದವರು ಎಚ್ಚರ: ಅಲ್ಲಿ ದಿರ್ಹಮಿಗೆ 100 ಫಿಲ್ಸ್. ಅದೇ ಹೆಸರು, ಬೇರೆ ಭಾಗ. ಕತಾರಿನಲ್ಲಿ ದಿರ್ಹಮ್ ಎಂದರೆ ರಿಯಾಲಿನ ನೂರನೇ ಒಂದು ಭಾಗ!

ತಾರೀಕು ಇಲ್ಲಿಯೂ ಸಾಮಾನ್ಯವಾಗಿ ದಿನ, ತಿಂಗಳು, ವರ್ಷ. ಆದರೆ ಬಿಲ್ಲಿಂಗ್ ಯಂತ್ರವನ್ನು ಅಮೆರಿಕದ ಕ್ರಮದಲ್ಲಿಟ್ಟವರೂ ಇದ್ದಾರೆ. 04/09/2025 ಸೆಪ್ಟೆಂಬರ್ 4ರದೋ ಏಪ್ರಿಲ್ 9ರದೋ? ಅದೇ ಅಂಗಡಿಯ ಇನ್ನೊಂದು ಬಿಲ್ಲಿನಲ್ಲಿ 12ಕ್ಕಿಂತ ದೊಡ್ಡ ಅಂಕೆ ಯಾವ ಜಾಗದಲ್ಲಿದೆ ನೋಡಿ, ಗೊತ್ತಾಗುತ್ತದೆ. ಕಾರ್ಡ್ ಚೀಟಿಯೂ ಸಾಕ್ಷಿ. ಖಚಿತವಾದ ಮೇಲೆ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. ವಾಟ್ಸಾಪ್‌ನಲ್ಲಿ ಬಂದ ಫೋಟೋದ ತಾರೀಕನ್ನು ಮಾತ್ರ ನಂಬಬೇಡಿ. ಕುವೈತ್ ಎರಡೂವರೆ ಗಂಟೆ ಹಿಂದೆ. ರಾತ್ರಿ 11:10ರ ಬಿಲ್ ತಕ್ಷಣ ಕಳಿಸಿದರೂ ಉಡುಪಿಯ ಫೋನಿನಲ್ಲಿ ಮರುದಿನ 1:40.

ತೂಕದ ವಿಷಯದಲ್ಲಿ ಕಿಲೋ ಎರಡೂ ಕಡೆ ಒಂದೇ, ಆದರೆ 620 ಗ್ರಾಂ ಎನ್ನುವುದು ಸಾಮಾನ್ಯವಾಗಿ ಕತ್ತರಿಸುವ ಮೊದಲಿನ ತೂಕ. ಸ್ವಚ್ಛ ಮಾಡಿಸಿದ ಕೂಲಿ ಬೇರೆ ಸಾಲಿನಲ್ಲಿದ್ದರೆ ಅದನ್ನು ಮೀನಿನ ದರಕ್ಕೆ ಸೇರಿಸಬೇಡಿ. ಗುಂಪು ಹಾಕಿದ ಮೀನನ್ನು ಕಣ್ಣಳತೆಯಲ್ಲೇ ಚೌಕಾಸಿ ಮಾಡಿ ಕೊಂಡವರ ಮಕ್ಕಳು ಇಲ್ಲಿ ಬೆಳೆದು, "ಪೈಸೆ ಎಂದರೆ ಫಿಲ್ಸಾ?" ಎಂದು ಕೇಳುತ್ತಾರೆ. ಅವರಿಗೆ ಒಂದು ಬಿಲ್ ಕೊಟ್ಟು ಅಜ್ಜಿಗಾಗಿ ರೂಪಾಯಿಗೆ ಬರೆಸಿ, ಕೊನೆಯ ಸೊನ್ನೆ ಉದುರಿಸಿದ್ದಾರಾ ನೋಡಿ.